ಅಪ್‌ಡೇಟ್: ಮಗಳ ತಿಂಗಳ ಖರ್ಚಿನ ಹಣ

ನಾನು ಕೇಳಿದ್ದು: "ಬೇರೆ ಊರಿನಲ್ಲಿ ಓದುತ್ತಿರುವ ಮಗಳಿಗೆ ತಿಂಗಳ ಹಣವನ್ನು ಮರೆಯದೆ ಕಳುಹಿಸಲು ಸುಲಭ ದಾರಿ ಯಾವುದು?"

ಕೊನೆಗೆ, ಪ್ರತಿ ತಿಂಗಳು ನಿಗದಿತ ದಿನ ಹಣ ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟೆ. ಮೊದಲು ಸಣ್ಣ ಮೊತ್ತ ಕಳುಹಿಸಿ, ಅದು ಅವಳ ಖಾತೆಗೇ ಬಂತೆಂದು ಅವಳಿಂದ ಖಚಿತಪಡಿಸಿಕೊಂಡೆ.

ಎಡವಿದ್ದು ದಿನಾಂಕದಲ್ಲಿ. ಸಂಬಳ ಬರುವ 1ನೇ ತಾರೀಖನ್ನೇ ಆರಿಸಿದ್ದೆ. ಎರಡನೇ ತಿಂಗಳು ರಜೆಯಿಂದಾಗಿ ಸಂಬಳ ತಡವಾಯಿತು. ಖಾತೆಯಲ್ಲಿ ಹಣ ಸಾಲದೆ ವರ್ಗಾವಣೆ ವಿಫಲವಾಯಿತು. ಬ್ಯಾಂಕ್ ಮತ್ತೆ ಪ್ರಯತ್ನಿಸಲಿಲ್ಲ. ಪಾಪ, ಮಗಳು ಸಂಕೋಚದಿಂದ ನಾಲ್ಕು ದಿನ ಸುಮ್ಮನಿದ್ದಳು. ಅದು ನನಗೆ ಬಹಳ ನೋವು ತಂದಿತು.

ಈಗ ದಿನಾಂಕವನ್ನು 5ಕ್ಕೆ ಬದಲಿಸಿ, ವಿಫಲವಾದರೆ ನನಗೆ ಸಂದೇಶ ಬರುವಂತೆ ಮಾಡಿದ್ದೇನೆ. ಮೂರು ತಿಂಗಳಿಂದ ತಪ್ಪಿಲ್ಲ. ಕೊನೆಯ ಕಂತನ್ನು ಕೋರ್ಸ್ ಮುಗಿಯುವ ತಿಂಗಳಿಗೆ ನಿಗದಿಪಡಿಸಿದ್ದೇನೆ. ಪರೀಕ್ಷಾ ಶುಲ್ಕದಂಥ ಹೆಚ್ಚುವರಿ ಖರ್ಚನ್ನು ಮಾತ್ರ ಪ್ರತ್ಯೇಕವಾಗಿ ಕಳುಹಿಸುತ್ತೇನೆ.