ನೋಟಿಸ್ ಅವಧಿ ಮುಗೀತಾ ಬಂತು, ಸಹಾಯ ಬೇಕು

ನಾನು ಮಂಡ್ಯದವಳು, ಹುಡುಗ ಮೈಸೂರಿನವನು. ಧರ್ಮ ಬೇರೆ. ವಿಶೇಷ ವಿವಾಹ ಕಾಯ್ದೆಯಡಿ ಜೂನ್ 10ಕ್ಕೆ ಇಲ್ಲೇ ಮಂಡ್ಯದ ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟೆವು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ ಎಲ್ಲ ಸರಿ ಇದ್ದವು. ಮೂವರು ಸಾಕ್ಷಿಗಳೂ ರೆಡಿ.

ಜುಲೈ 5ಕ್ಕೆ ನಮ್ಮ ದೊಡ್ಡಪ್ಪ ತಕರಾರು ಹಾಕಿದರು. ಕಾರಣ ಒಂದೇ ಸಾಲು: 'ಮನೆಯವರ ಒಪ್ಪಿಗೆ ಇಲ್ಲ.' ಕಾಯ್ದೆಯಲ್ಲಿ ಅದು ಕಾರಣವೇ ಅಲ್ಲ, ಅಲ್ವಾ? ವಯಸ್ಸು, ಮೊದಲ ಮದುವೆ, ಹತ್ತಿರದ ಸಂಬಂಧ, ಮಾನಸಿಕ ಸ್ಥಿತಿ, ಇಷ್ಟೇ. ವಿಚಾರಣೆಗಿದ್ದ 30 ದಿನವೂ ಮುಗಿಯಿತು. ಅಧಿಕಾರಿ ಕಚೇರಿಗೆ ಮೂರು ಸಲ ಹೋದೆವು. ಸುಮ್ನೆ 'ನಾಳೆ ಬನ್ನಿ' ಅಂತಾರೆ, ಲಿಖಿತವಾಗಿ ಏನೂ ಕೊಡಲ್ಲ.

ನೋಟಿಸ್ ಕೊಟ್ಟು ಮೂರು ತಿಂಗಳಾದರೆ ಅದು ರದ್ದು. ಅಧಿಕಾರಿ ಮದುವೆ ಮಾಡಿಸಲ್ಲ ಅಂತ ಆದೇಶ ಕೊಟ್ಟರೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು, ಆಗ ಮೂರು ತಿಂಗಳು ತೀರ್ಪಿನಿಂದ ಲೆಕ್ಕ. ಆದರೆ ಆದೇಶವೇ ಇಲ್ಲದೆ ಅಪೀಲು ಎಲ್ಲಿಂದ?

ಹೀಗಾದವರು ಹೇಳಿ: ಹೈಕೋರ್ಟಿಗೆ ರಿಟ್ ಹಾಕಬೇಕಾ, ಇಲ್ಲ ಮೈಸೂರಿನಲ್ಲಿ ಹೊಸ ನೋಟಿಸ್ ಕೊಡೋದೇ ಬೇಗ ಆಗುತ್ತಾ?