ಅಪ್‌ಡೇಟ್: ಮೇಳದ ಸ್ಟಾಲ್ ಕ್ಯಾಪ್ಷನ್ ಬದಲಿಸಿದೆ

ನಾನು ಕೇಳಿದ್ದು: "ರಫ್ತು ಮೇಳದ ನಮ್ಮ ಸ್ಟಾಲ್‌ಗೆ ಖರೀದಿದಾರರನ್ನು ಕರೆಯುವ ಕ್ಯಾಪ್ಷನ್ ಹೇಗೆ ಬರೆಯಲಿ?"

ಅಪ್‌ಡೇಟ್: ಮೊದಲು ‘ಗುಣಮಟ್ಟದ ಜವಳಿ, ಎಲ್ಲರಿಗೂ ಸ್ವಾಗತ’ ಎಂದು ಹಾಕಿದ್ದೆ. ಬಂದವರೆಲ್ಲ ಒಂದೆರಡು ಟವೆಲ್ ಕೊಳ್ಳುವವರೇ! ಎರಡನೇ ದಿನ ಹೀಗೆ ಬದಲಿಸಿದೆ:

"ಹಾಲ್ 3, ಸ್ಟಾಲ್ 42. ಹತ್ತಿ ಟವೆಲ್ (450 ಜಿಎಸ್‌ಎಂ), ಟೇಬಲ್ ರನ್ನರ್, ಕ್ಯಾನ್ವಾಸ್ ಚೀಲ. ಕನಿಷ್ಠ ಆರ್ಡರ್: ಪ್ರತಿ ಬಣ್ಣಕ್ಕೆ 300 ಪೀಸ್. ಸಗಟು ಖರೀದಿದಾರರು ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ಬನ್ನಿ. ಕೊನೆಯ ದಿನ ಮಧ್ಯಾಹ್ನ 2ರವರೆಗೆ ಮಾತ್ರ."

ಫೋನ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತವೆ, ಹಾಗಾಗಿ ಸ್ಟಾಲ್ ಸಂಖ್ಯೆ ಮೇಲಿಟ್ಟೆ. ಕನಿಷ್ಠ ಆರ್ಡರ್ ಬರೆದದ್ದೇ ಜರಡಿಯಾಯಿತು: ಬಂದವರು ಕಡಿಮೆ, ಆದರೆ ಅವರು ಕೇಳಿದ್ದು ಸ್ಯಾಂಪಲ್ ಮತ್ತು ಡೆಲಿವರಿ ಅವಧಿ. ಕೊನೆಯ ದಿನದ ಸಮಯ ಬೇರೆ ಬರೆಯದಿದ್ದರೆ, ನಾವು ಪೆಟ್ಟಿಗೆ ಕಟ್ಟುವಾಗ ಯಾರೋ ಬಂದು ನಿಂತಿರುತ್ತಿದ್ದರು.