ಪದಚರ್ಚೆ: ವಿವಿಪ್ಯಾಟ್ ಚೀಟಿ ಎಣಿಸುವುದು ‘ಖಾತ್ರಿ’ಯೋ, ‘ತಾಳೆ’ಯೋ?

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ಮತ ಎಣಿಕೆಗೆ ಕೂರುವ ಏಜೆಂಟರಿಗಾಗಿ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗರು, ಎಣಿಕೆ ಕೇಂದ್ರದ ಒಳಗೆ ಮೊದಲ ಸಲ ಕಾಲಿಡುವವರು.

ಮತಯಂತ್ರದ ಜೊತೆಗಿದ್ದು ಪ್ರತಿ ಮತಕ್ಕೂ ಚೀಟಿ ಮುದ್ರಿಸುವ ವಿವಿಪ್ಯಾಟನ್ನು ಪತ್ರಿಕೆಗಳು ‘ಮತ ಖಾತ್ರಿ ಯಂತ್ರ’ ಎಂದು ಬರೆಯುತ್ತವೆ. ಮತಗಟ್ಟೆಯ ಮಟ್ಟಿಗೆ ಅದು ಚೆನ್ನಾಗಿದೆ. ಗುಂಡಿ ಒತ್ತಿದ ಮೇಲೆ ಕಿಂಡಿಯಲ್ಲಿ ಚೀಟಿ 7 ಸೆಕೆಂಡು ಕಾಣುತ್ತದೆ. ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ನೋಡಿ ಮತದಾರರು ಖಾತ್ರಿ ಮಾಡಿಕೊಳ್ಳುತ್ತಾರೆ. ಆದರೆ ಎಣಿಕೆಯ ದಿನ ಅದೇ ಚೀಟಿಗಳನ್ನು ಹೊರತೆಗೆದು ಎಣಿಸುತ್ತಾರಲ್ಲ, ಆ ಕೆಲಸಕ್ಕೆ ಏನನ್ನೋಣ? ಅಲ್ಲೂ ‘ಖಾತ್ರಿ’ ಎಂದು ಬರೆದರೆ ‘ನಾನು ಬೂತಲ್ಲೇ ನೋಡಿದ್ದೆನಲ್ಲ, ಇದೇನು ಮತ್ತೆ?’ ಎನ್ನುತ್ತಾರೆ. ‘ಮರುಎಣಿಕೆ’ ಎಂದೂ ಬರೆದು ನೋಡಿದೆ, ಮನಸ್ಸು ಒಪ್ಪಲಿಲ್ಲ.

ಹುಬ್ಬಳ್ಳಿಯಿಂದ

ಚೀಟಿಗೆ ‘ಮತ ರಸೀದಿ’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ. ಎಣಿಸುವುದಕ್ಕೆ ‘ರಸೀದಿ ಎಣಿಕೆ’ ಸಾಕು. ಕಾಗದದ ದಾಖಲೆ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹಾಗಾಗಿ ಈಗ ಎಲ್ಲ ಚೀಟಿಗಳನ್ನೂ ಎಣಿಸಿ ಯಂತ್ರದ ಲೆಕ್ಕದ ಜೊತೆ ಹೋಲಿಸುತ್ತಾರೆ, ಅಲ್ವಾ?

ಹಾವೇರಿಯಿಂದ

ನಾನು ನಿವೃತ್ತ ಶಿಕ್ಷಕ. ಚುನಾವಣೆ ಡ್ಯೂಟಿಯಲ್ಲಿ ಮತಗಟ್ಟೆ ಅಧಿಕಾರಿಯಾಗಿಯೂ ಎಣಿಕೆ ಮೇಜಿನಲ್ಲಿಯೂ ಕೂತವನು.

ಹುಬ್ಬಳ್ಳಿಯವರೇ, ‘ರಸೀದಿ’ ದಯವಿಟ್ಟು ಬೇಡ. ರಸೀದಿ ಅಂದರೆ ಕೈಗೆ ಕೊಡುವಂಥದ್ದು. ಈ ಚೀಟಿ ಯಾರ ಕೈಗೂ ಬರುವುದಿಲ್ಲ, ಕಿಂಡಿಯಲ್ಲಿ ಕಂಡು ಕೆಳಗಿನ ಡಬ್ಬಿಗೆ ಬೀಳುತ್ತದೆ. ಕೈಗೆ ಬಂದರೆ ದುಡ್ಡು ಹಂಚಿದವನು ಮನೆ ಬಾಗಿಲಿಗೆ ಬಂದು ‘ಚೀಟಿ ತೋರಿಸು’ ಅನ್ನುತ್ತಾನೆ. ಮತದ ಗುಟ್ಟು ಅಲ್ಲಿಗೆ ಮುಗಿಯಿತು.

2013ರ ತೀರ್ಪು ನೀವು ಹೇಳಿದ ಹಾಗೇ ಇದೆ. ಆದರೆ ಎಲ್ಲ ಚೀಟಿ ಎಣಿಸುವುದಿಲ್ಲ. ಮೊದಲು ಒಂದು ವಿಧಾನಸಭಾ ಕ್ಷೇತ್ರಕ್ಕೆ ಒಂದೇ ಮತಗಟ್ಟೆಯ ಚೀಟಿ ಎಣಿಸುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಕೋರ್ಟ್ ಅದನ್ನು 5ಕ್ಕೆ ಏರಿಸಿತು. ಎಲ್ಲವನ್ನೂ ಎಣಿಸಬೇಕು ಎಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು.

ತುಮಕೂರಿನ ಮೇಡಂ, ‘ಮರುಎಣಿಕೆ’ ನಿಮಗೆ ಒಪ್ಪಿಗೆಯಾಗದಿದ್ದುದಕ್ಕೆ ಕಾರಣವಿದೆ. ಮತಗಳ ಲೆಕ್ಕ ಇಟ್ಟುಕೊಳ್ಳುವ ಕಂಟ್ರೋಲ್ ಯೂನಿಟ್‌ನ ರಿಸಲ್ಟ್ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಅಂಕಿ ಬರುತ್ತದೆ. ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ. ಚೀಟಿ ಇನ್ನೊಂದು ಬೇರೆ ದಾಖಲೆ. ಎರಡು ಬೇರೆ ಬೇರೆ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ನಮ್ಮಲ್ಲಿ ‘ತಾಳೆ ನೋಡುವುದು’ ಅನ್ನುತ್ತೇವೆ. ‘ಚೀಟಿ ತಾಳೆ’ ಎಂದು ಬರೆಯಿರಿ.

ಅದು ನಡೆಯುವ ರೀತಿಯನ್ನೂ ಹುಡುಗರಿಗೆ ಬಿಡಿಸಿ ಹೇಳಿ. ಯಂತ್ರಗಳ ಕೊನೆಯ ಸುತ್ತು ಮುಗಿದ ಮೇಲೆ ಪ್ರತಿ ಮತಗಟ್ಟೆಯ ಸಂಖ್ಯೆಯನ್ನು ಪೋಸ್ಟ್ ಕಾರ್ಡಿನಷ್ಟು ದೊಡ್ಡ ಬಿಳಿ ಕಾಗದದ ಮೇಲೆ ಬರೆಯುತ್ತಾರೆ. ನಾಲ್ಕು ಮಡಿಕೆ ಮಾಡಿ, ಡಬ್ಬಿಗೆ ಹಾಕಿ ಅಲ್ಲಾಡಿಸಿ, ಎಲ್ಲರ ಎದುರಿಗೆ ಎತ್ತುತ್ತಾರೆ. ಡಬ್ಬಿಗೆ ಹಾಕುವ ಮೊದಲು ಎಲ್ಲ ಮತಗಟ್ಟೆಗಳ ಕಾಗದವೂ ಇದೆಯೇ ಎಂದು ಏಜೆಂಟರು ನೋಡಬೇಕು. ಆಮೇಲೆ ಜಾಲರಿ ಹಾಕಿದ ಗೂಡಿನೊಳಗೆ ಚೀಟಿಗಳನ್ನು ಅಭ್ಯರ್ಥಿವಾರು ವಿಂಗಡಿಸಿ, 25ರ ಕಟ್ಟು ಕಟ್ಟಿ ಎಣಿಸುತ್ತಾರೆ. ಅಷ್ಟು ಹೊತ್ತಿಗೆ ಗೆದ್ದವರ ಕಡೆಯವರು ಪಟಾಕಿ ಹಚ್ಚಲು ಎದ್ದು ಹೋಗಿರುತ್ತಾರೆ, ಸೋತವರ ಏಜೆಂಟರೂ ಬೇಸರದಲ್ಲಿ ಹೊರಟಿರುತ್ತಾರೆ. ನೋಡಲೇಬೇಕಾದ ಹೊತ್ತಿನಲ್ಲಿ ನೋಡುವವರಿಲ್ಲ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ದಾವಣಗೆರೆಯಿಂದ

‘ಲೆಕ್ಕ ಪರಿಶೋಧನೆ’ ಎಂಬ ಒಳ್ಳೆಯ ಪದ ಇರುವಾಗ ತಾಳೆ ಯಾಕೆ? ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ. ನಮ್ಮಲ್ಲೂ ಸಂಜೆ ಕ್ಯಾಷ್ ತಾಳೆ ಆಗದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಒಂದು ಕೌಂಟರಿನಲ್ಲಿ ವ್ಯತ್ಯಾಸ ಬಂದರೆ ಉಳಿದ ಕೌಂಟರುಗಳ ವೋಚರುಗಳನ್ನೂ ಕೆದಕುತ್ತಿದ್ದೆವು. ಇಲ್ಲೂ ಹಾಗೇನಾ? ಐದರಲ್ಲಿ ಒಂದು ಹೊಂದದಿದ್ದರೆ ಉಳಿದ ಬೂತ್‌ಗಳ ಗತಿ ಏನು?

ಹಾವೇರಿಯಿಂದ

ಸರ್, ಪರಿಶೋಧನೆ ಅಂದರೆ ವರ್ಷ ಕಳೆದ ಮೇಲೆ ಆಡಿಟರ್ ಬಂದು ಮಾಡುವುದು ಎಂಬ ಭಾವನೆ ಜನರಲ್ಲಿದೆ. ಇದು ಫಲಿತಾಂಶ ಘೋಷಿಸುವ ಮುಂಚೆ ಆಗುವ ಕೆಲಸ. ನಿಮ್ಮ ಮಾತಿನಲ್ಲೇ ‘ಕ್ಯಾಷ್ ತಾಳೆ’ ಬಂತು ನೋಡಿ.

ಹೊಂದದಿದ್ದರೆ ಆ ಮತಗಟ್ಟೆಯ ಚೀಟಿಗಳನ್ನು ಮತ್ತೆ ಎಣಿಸುತ್ತಾರೆ. ಆಗಲೂ ವ್ಯತ್ಯಾಸ ಉಳಿದರೆ ಆ ಮತಗಟ್ಟೆಗೆ ಚೀಟಿಯ ಲೆಕ್ಕವೇ ಅಂತಿಮ. 1961ರ ಚುನಾವಣಾ ನಿಯಮಗಳ 56ಡಿ ಅದನ್ನೇ ಹೇಳುತ್ತದೆ. ಆದರೆ ಆರನೇ ಮತಗಟ್ಟೆಯನ್ನೂ ತೆಗೆಯಿರಿ ಎಂದು ಅದು ಹೇಳುವುದಿಲ್ಲ.

ವ್ಯತ್ಯಾಸ ಬಂದ ಕೂಡಲೇ ಮೋಸ ಎಂದು ಕೂಗುವುದೂ ಬೇಡ. ಒಂದು ಉದಾಹರಣೆ ಹೇಳುತ್ತೇನೆ. ಯಂತ್ರದಲ್ಲಿ 812 ಮತ, ಡಬ್ಬಿಯಲ್ಲಿ 862 ಚೀಟಿ ಇವೆ ಅನ್ನಿ. ಮೊದಲು 17ಸಿ ನಮೂನೆ ತೆಗೆಯಿರಿ. ಮತದಾನ ಮುಗಿದಾಗ ಮತಗಟ್ಟೆ ಅಧಿಕಾರಿ ಅದರಲ್ಲಿ ಒಟ್ಟು ಮತ ಬರೆದು ಏಜೆಂಟರಿಗೂ ಪ್ರತಿ ಕೊಟ್ಟಿರುತ್ತಾರೆ. ಅದರಲ್ಲೂ 812 ಇದ್ದರೆ ಯಂತ್ರದ ಒಟ್ಟು ಸರಿ, ಚೀಟಿಗಳೇ 50 ಜಾಸ್ತಿ. ಆ 50 ಎಲ್ಲಿಂದ ಬಂತು? ಬೆಳಿಗ್ಗೆ ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಯಂತ್ರ ಪರೀಕ್ಷಿಸುತ್ತಾರೆ. ಆಮೇಲೆ ಯಂತ್ರದ ಲೆಕ್ಕ ಅಳಿಸಬೇಕು, ಡಬ್ಬಿಯ ಚೀಟಿಗಳನ್ನು ತೆಗೆದು ಮೊಹರು ಹಾಕಿ ಕಪ್ಪು ಲಕೋಟೆಯಲ್ಲಿ ಇಡಬೇಕು. ಗಡಿಬಿಡಿಯಲ್ಲಿ ಚೀಟಿ ತೆಗೆಯುವುದು ಮರೆತರೆ ಹೀಗಾಗುತ್ತದೆ. ಯಾರಿಗೆ ಎಷ್ಟು ಹೆಚ್ಚಿಗೆ ಬಂದಿದೆ ಎಂಬುದನ್ನು ಬೆಳಗಿನ ಪರೀಕ್ಷೆಯ ಲೆಕ್ಕದ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಒಟ್ಟು ಸಂಖ್ಯೆ ಸರಿಯಿದ್ದು ಒಬ್ಬರ ಮತ ಇನ್ನೊಬ್ಬರ ಲೆಕ್ಕದಲ್ಲಿ ಕಂಡರೆ ಮಾತ್ರ ಅದು ಬೇರೆಯೇ ವಿಷಯ. ಅದನ್ನು ಮರೆವು ಅನ್ನಲಾಗದು.

ಮೈಸೂರಿನಿಂದ

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ‘ತಾಳೆ’ ನನಗೂ ಇಷ್ಟ. ಆದರೆ ಐದು ಮತಗಟ್ಟೆಯ ತಾಳೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನೂ ಪುಸ್ತಕದಲ್ಲಿ ಬರೆಯಿರಿ. ಒಂದು ಕ್ಷೇತ್ರದಲ್ಲಿ 240 ಮತಗಟ್ಟೆ ಇವೆ ಎಂದುಕೊಳ್ಳಿ. ಅರ್ಧದಷ್ಟರಲ್ಲಿ ತೊಂದರೆ ಇದ್ದರೆ ಐದರಲ್ಲಿ ಒಂದಾದರೂ ಸಿಕ್ಕಿಬೀಳುವುದು ಹೆಚ್ಚುಕಡಿಮೆ ಖಂಡಿತ. 24ರಲ್ಲಿ ಇದ್ದರೆ ಸಿಗುವ ಸಾಧ್ಯತೆ ಶೇ 41. ಒಂದರಲ್ಲಿ ಮಾತ್ರ ಇದ್ದರೆ ಶೇ 2. ಗೆಲುವಿನ ಅಂತರ 30 ಸಾವಿರ ಇದ್ದಾಗಲೂ ಐದೇ, 300 ಇದ್ದಾಗಲೂ ಐದೇ. ನನ್ನ ತಕರಾರು ಇದೇ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2017ರಿಂದ ಅಂತರ ಕಡಿಮೆಯಿದ್ದಷ್ಟೂ ಹೆಚ್ಚು ಮತಪತ್ರ ನೋಡುತ್ತಾರೆ, ತಾಳೆ ಬೀಳದಿದ್ದರೆ ಇನ್ನಷ್ಟು ತೆಗೆಯುತ್ತಾರೆ.

ಹುಬ್ಬಳ್ಳಿಯಿಂದ

ಹಾಗಾದರೆ ಎಲ್ಲ ಎಣಿಸುವುದೇ ಸರಿ ಅಂತಾಯಿತಲ್ಲ!

ಮೈಸೂರಿನಿಂದ

ನಾನು ಹಾಗೆ ಹೇಳಲಿಲ್ಲ. ಚೀಟಿ ಎಣಿಸುವವರೂ ಮನುಷ್ಯರೇ, ಕೈತಪ್ಪು ಆಗುತ್ತದೆ. ಎಷ್ಟು ಸಾಕು ಎಂಬುದು ಅಂತರದ ಮೇಲೆ ನಿಲ್ಲಬೇಕು ಎಂಬುದಷ್ಟೇ ನನ್ನ ಮಾತು.

ಹಾವೇರಿಯಿಂದ

ಮೇಡಂ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ ಕೊಲೊರಾಡೊದ ಮತದಾರರು ಕಾಗದದ ಮೇಲೇ ಗುರುತು ಹಾಕುತ್ತಾರೆ. ನಮ್ಮದು ಯಂತ್ರ ಮುದ್ರಿಸುವ ತೆಳು ಚೀಟಿ. ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತರಬಹುದೇ ಎಂಬ ಅನುಮಾನ ನನಗೆ ಉಳಿದಿದೆ.

ತುಮಕೂರಿನಿಂದ

ಎಲ್ಲರಿಗೂ ಧನ್ಯವಾದ. ಮತದಾರರು ಕಿಂಡಿಯಲ್ಲಿ ನೋಡುವುದಕ್ಕೆ ‘ಖಾತ್ರಿ’, ಎಣಿಕೆ ದಿನದ ಕೆಲಸಕ್ಕೆ ‘ಚೀಟಿ ತಾಳೆ’ ಎಂದು ಇಟ್ಟುಕೊಳ್ಳುತ್ತೇನೆ. 17ಸಿ ಪ್ರತಿಯನ್ನು ಮತಗಟ್ಟೆಯಲ್ಲೇ ಕೇಳಿ ಪಡೆದು ಎಣಿಕೆಗೆ ತರಬೇಕು ಎಂಬುದನ್ನು ಮೊದಲ ಪುಟಕ್ಕೇ ಹಾಕುತ್ತೇನೆ. ಇನ್ನೊಂದು ಪದ ಬಾಕಿ ಇದೆ. ಬೆಳಗಿನ ಆ 50 ಮತಗಳಿಗೆ ಎಲ್ಲರೂ ‘ಅಣಕು ಮತದಾನ’ ಅನ್ನುತ್ತಾರೆ. ಅಣಕು ಅಂದರೆ ಗೇಲಿ ಅನ್ನಿಸುವುದಿಲ್ಲವೇ? ‘ಪರೀಕ್ಷಾ ಮತದಾನ’ ಅನ್ನೋಣ ಎಂದರೆ, ಚೀಟಿ ತಪ್ಪಾಗಿ ಬಂತು ಎಂದು ಮತದಾರರು ದೂರಿದಾಗ ಹಾಕಿಸುವ ಮತಕ್ಕೂ ಅದೇ ಹೆಸರಿದೆ. ಯಾರಿಗಾದರೂ ಬೇರೆ ಪದ ಹೊಳೆದರೆ ತಿಳಿಸಿ, ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.